ನಲ್ಲಿ ಬಂದ್ ಮಾಡಿದ ಕೂಡ್ಲೇ ಗೋಡೆಯೊಳಗೆ ‘ಡಬ್’ ಅನ್ನೋದ್ಯಾಕೆ?

ಹೋದ ತಿಂಗಳು ಅಬ್ಬಾಸಿಯಾದ ಒಂದು ಫ್ಲ್ಯಾಟ್‌ನಿಂದ ಫೋನ್ ಬಂತು. ನಮ್ಮ ಕರಾವಳಿ ಕಡೆಯ ನಾಲ್ಕು ಜನ ಅಲ್ಲಿ ಒಟ್ಟಿಗೆ ಇದ್ದಾರೆ. ಒಬ್ಬರಿಗೆ ನೈಟ್ ಡ್ಯೂಟಿ, ಬೆಳಿಗ್ಗೆ ಏಳಕ್ಕೆ ಬಂದು ಮಲಗ್ತಾರೆ. ಉಳಿದವರು ಅದೇ ಹೊತ್ತಿಗೆ ವಾಷಿಂಗ್ ಮೆಷೀನ್ ಹಾಕ್ತಾರೆ. ಮೆಷೀನ್ ನೀರು ತಗೊಂಡು ನಿಲ್ಲಿಸಿದಾಗೆಲ್ಲ ಗೋಡೆಯೊಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ‘ಡಬ್’ ಅಂತ ಸದ್ದು. ಮಲಗಿದವರು ಎದ್ದು ಕೂರೋದು, ಮಾತಿಗೆ ಮಾತು, ಕಡೆಗೆ ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ.

ಹಾರಿಸ್‌ಗೆ ಹೇಳಿದ್ರೆ ಅವನು “ಮೆಷೀನ್ ಖರಾಬ್” ಅಂದನಂತೆ. ಇವರು ಅದನ್ನು ಕೊಟ್ಟು ಇನ್ನೊಂದು ಸೆಕೆಂಡ್‌ಹ್ಯಾಂಡ್ ಮೆಷೀನ್ ತಂದ್ರು. ದುಡ್ಡು ಹೋಯ್ತು, ಸದ್ದು ಹೋಗ್ಲಿಲ್ಲ. ಆಮೇಲೆ ನನಗೆ ಫೋನ್. ಶುಕ್ರವಾರ ರಜೆ ಇತ್ತು, ಹೋಗಿ ನೋಡಿದೆ. ಅಲ್ಲಿ ಕಂಡದ್ದನ್ನೇ ಈ ಸಲ ಬರೀತೇನೆ. ಯಾಕಂದ್ರೆ ಇದು ಬರೀ ಸದ್ದಿನ ವಿಷಯ ಅಲ್ಲ. ಇದನ್ನು ಹಾಗೇ ಬಿಟ್ಟರೆ ಒಂದು ದಿನ ನೀವೆಲ್ಲ ಡ್ಯೂಟಿಯಲ್ಲಿರುವಾಗ ಹೋಸ್ ಪೈಪ್ ಒಡೆದು, ಕೆಳಗಿನ ಮನೆಯವರ ಸೀಲಿಂಗ್‌ನಿಂದ ನೀರು ಸುರಿಯುತ್ತೆ.

ಈ ಹೊಡೆತಕ್ಕೆ ಪ್ಲಂಬಿಂಗ್ ಕೆಲಸದಲ್ಲಿ ‘ವಾಟರ್ ಹ್ಯಾಮರ್’ ಅಂತಾರೆ, ನೀರಿನ ಸುತ್ತಿಗೆ. ಊರಿನಲ್ಲಿ ತೋಟದ ಪಂಪ್ ಓಡ್ತಾ ಇರುವಾಗ ಕರೆಂಟ್ ಹೋದ್ರೆ ಪೈಪಿನಲ್ಲಿ ‘ಧಡ್’ ಅನ್ನೋದನ್ನು ಕೇಳಿದ್ದೀರಲ್ಲ, ಅದೂ ಇದೇ ಜಾತಿ. ಪೈಪಿನಲ್ಲಿ ಹರಿಯುವ ನೀರಿಗೆ ತೂಕ ಇದೆ, ಓಟ ಇದೆ. ಎದುರಿಗಿನ ಬಾಗಿಲು ಫಟ್ಟನೆ ಮುಚ್ಚಿದ್ರೆ ಮುಂದಿನ ನೀರು ನಿಲ್ಲುತ್ತೆ, ಹಿಂದಿನ ನೀರು ಬಂದು ಅದಕ್ಕೆ ಗುದ್ದುತ್ತೆ. ತುಂಬಿದ ಬಸ್ಸಿಗೆ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ ಹಾಗೆ. ನೀರು ಹೆಚ್ಚು ಕುಗ್ಗೋದಿಲ್ಲ, ಅದಕ್ಕೆ ಆ ಗುದ್ದು ಪೈಪಿನ ಮೇಲೆ ಬೀಳುತ್ತೆ, ಪೈಪ್ ಹೋಗಿ ಗೋಡೆಗೆ ಬಡಿಯುತ್ತೆ.

ತುಂಬಾ ಜನ ಹೇಳೋದು, “ನಮ್ಮಲ್ಲಿ ಪ್ರೆಶರ್ ಜಾಸ್ತಿ, ಅದಕ್ಕೇ ಸದ್ದು” ಅಂತ. ಪೂರ್ತಿ ಸರಿ ಅಲ್ಲ. ಕುವೈತ್ ಟವರ್ಸ್‌ನಲ್ಲೂ, ದಾರಿಯಲ್ಲಿ ಕಾಣುವ ನೀಲಿ ಪಟ್ಟೆಯ ಅಣಬೆಯಂಥ ಟ್ಯಾಂಕ್‌ಗಳಲ್ಲೂ ಎತ್ತರದ ಪ್ರೆಶರ್ ಇದ್ದೇ ಇದೆ, ಆದರೆ ನಿಂತ ನೀರು ಬಡಿಯೋದಿಲ್ಲ. ಗುದ್ದು ಎಷ್ಟು ಅನ್ನೋದನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ವಿಷಯ: ನೀರು ಎಷ್ಟು ವೇಗದಲ್ಲಿ ಓಡ್ತಾ ಇತ್ತು, ಮತ್ತು ಬಾಗಿಲು ಎಷ್ಟು ಬೇಗ ಮುಚ್ಚಿತು. ಪ್ರೆಶರ್ ಜಾಸ್ತಿ ಆದ್ರೆ ವೇಗ ಜಾಸ್ತಿ ಆಗುತ್ತೆ, ಆ ಕಾರಣಕ್ಕೆ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ.

ಮೊದಲು ಮುಚ್ಚುವ ಮಾತು. ಹಳೇ ಕಾಲದ ತಿರುಗಿಸುವ ನಲ್ಲಿ ಮುಚ್ಚಲು ಒಂದೆರಡು ಸೆಕೆಂಡ್ ಬೇಕು, ನೀರು ನಿಧಾನಕ್ಕೆ ನಿಲ್ಲುತ್ತೆ. ವಾಷಿಂಗ್ ಮೆಷೀನಿನೊಳಗೆ ಇರೋದು ಕರೆಂಟಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತೆ. ಒಂದೇ ಹಿಡಿಯ ಮಿಕ್ಸರ್ ನಲ್ಲಿ, ಟಾಯ್ಲೆಟ್‌ನ ಶತ್ತಾಫ್ ಕೂಡ ಹಾಗೇ. ಬೆರಳು ಬಿಟ್ಟ ಕೂಡ್ಲೇ ಬಂದ್. ಗುದ್ದಿನ ಅಲೆ ತಾಮ್ರದ ಅಥವಾ ಜಿಐ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 1,300 ಮೀಟರ್ ಓಡುತ್ತೆ. 15 ಮೀಟರ್ ಉದ್ದದ ಪೈಪಿನಲ್ಲಿ ಹೋಗಿ ವಾಪಸ್ ಬರಲು ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಅಷ್ಟರೊಳಗೆ ವಾಲ್ವ್ ಮುಚ್ಚಿದ್ರೆ ಗುದ್ದು ಪೂರ್ತಿ ಬೀಳುತ್ತೆ. ಅದಕ್ಕಿಂತ ನಿಧಾನ ಆದಷ್ಟೂ ಗುದ್ದು ಕಮ್ಮಿ.

ಈಗ ವೇಗದ ಲೆಕ್ಕ. ಇದಕ್ಕೆ ಒಂದು ಬಕೆಟ್, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಅಬ್ಬಾಸಿಯಾದ ಆ ಫ್ಲ್ಯಾಟ್‌ನಲ್ಲಿ ಮೆಷೀನಿನ ಹೋಸ್ ಬಿಚ್ಚಿ 10 ಲೀಟರ್ ಬಕೆಟ್‌ಗೆ ಬಿಟ್ಟೆ. 40 ಸೆಕೆಂಡಿನಲ್ಲಿ ತುಂಬಿತು. ಅಂದ್ರೆ ನಿಮಿಷಕ್ಕೆ 15 ಲೀಟರ್. ಒಳಗಿನ ಅಗಲ ಹದಿಮೂರೂವರೆ ಮಿಲಿಮೀಟರ್ ಇರುವ ಅರ್ಧ ಇಂಚಿನ ತಾಮ್ರದ ಪೈಪಿನಲ್ಲಿ ಇಷ್ಟು ನೀರು ಹೋಗಬೇಕಾದ್ರೆ ಅದು ಸೆಕೆಂಡಿಗೆ ಸುಮಾರು 1.75 ಮೀಟರ್ ಓಡಬೇಕು. ತಾಮ್ರದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನು ಫಟ್ಟನೆ ನಿಲ್ಲಿಸಿದ್ರೆ ಸುಮಾರು 13 ಬಾರ್ ಪ್ರೆಶರ್ ಏರುತ್ತೆ. ಹಾಗಾದ್ರೆ 1.75ಕ್ಕೆ 22 ಬಾರ್‌ಗೂ ಮೇಲೆ. ಕಾರಿನ ಟೈರಿನಲ್ಲಿ ಇರೋದು ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಮೆಷೀನಿನ ವಾಲ್ವ್ ಒಳಗೆ ಸ್ವಲ್ಪ ತಡೆ ಇರೋದ್ರಿಂದ ನಿಜವಾದ ಗುದ್ದು ಇದಕ್ಕಿಂತ ಕಡಿಮೆ ಇರುತ್ತೆ. ಇದು ಮೇಲಿನ ಮಿತಿ ಅಂತ ತಿಳ್ಕೊಳ್ಳಿ. ಪಿಪಿಆರ್ ಪ್ಲಾಸ್ಟಿಕ್ ಪೈಪ್ ಇರುವ ಕಡೆ ಪೈಪೇ ಸ್ವಲ್ಪ ಹಿಗ್ಗಿ ಗುದ್ದನ್ನು ತಡ್ಕೊಳ್ಳುತ್ತೆ. ಅಲ್ಲಿ ಏರಿಕೆ ಸುಮಾರು ಮೂರನೇ ಒಂದು ಭಾಗ.

ನಾನು ಅವರನ್ನು ಕೇಳಿದೆ, “ಸದ್ದು ಯಾವಾಗಿಂದ?” “ಎರಡು ತಿಂಗಳಾಯ್ತು ಮಾರಾಯ್ರೆ, ಮುಂಚೆ ಇರ್ಲಿಲ್ಲ” ಅಂದ್ರು. ಎರಡು ತಿಂಗಳ ಹಿಂದೆ ಏನು ಬದಲಾಯ್ತು ಅಂತ ಕೇಳಿದಾಗ ಗೊತ್ತಾಯ್ತು: ಮೇಲಿನ ಮಹಡಿಗೆ ನೀರು ಸರಿಯಾಗಿ ಬರ್ತಿಲ್ಲ ಅಂತ ಮಾಲೀಕರು ಛಾವಣಿ ಟ್ಯಾಂಕಿನ ಹತ್ತಿರ ಪ್ರೆಶರ್ ಪಂಪ್ ಹಾಕಿಸಿದ್ದಾರೆ. ಛಾವಣಿ ಟ್ಯಾಂಕಿನಿಂದ ಸುಮ್ಮನೆ ಇಳಿಯುವ ನೀರಿಗೆ ಒಂದು ಮಹಡಿಗೆ 0.3 ಬಾರ್ ಮಾತ್ರ ಸಿಗುತ್ತೆ. ಪಂಪ್ ಬಂದ ಮೇಲೆ ಪ್ರೆಶರ್ ಏರಿತು, ವೇಗ ಏರಿತು, ಸದ್ದು ಶುರುವಾಯ್ತು. ಅಂದ್ರೆ ಹಳೇ ಮೆಷೀನಿನದು ಏನೂ ತಪ್ಪಿರಲಿಲ್ಲ.

ಆದ್ರೂ ಗೋಡೆ ಸದ್ದೆಲ್ಲ ವಾಟರ್ ಹ್ಯಾಮರ್ ಅಲ್ಲ, ಮೊದಲು ಅದನ್ನು ಖಾತ್ರಿ ಮಾಡ್ಕೋಬೇಕು. ನೀರು ನಿಂತ ಕ್ಷಣಕ್ಕೆ ಸರಿಯಾಗಿ ಒಂದೇ ಸಲ, ಅಥವಾ ಕಮ್ಮಿಯಾಗ್ತಾ ಎರಡು ಮೂರು ಸಲ ‘ಡಬ್ ಡಬ್’ ಅಂದ್ರೆ ಅದು ಇದೇ. ನಲ್ಲಿ ಅರ್ಧ ತೆರೆದಿರುವಾಗ ‘ಗಡಗಡ’ ಅಂತ ನಡುಗಿದ್ರೆ ಒಳಗಿನ ವಾಷರ್ ಸಡಿಲ. ಬಿಸಿ ನೀರು ಬಿಟ್ಟ ಮೇಲೆ ‘ಟಿಕ್ ಟಿಕ್’ ಅಂದ್ರೆ ಪೈಪ್ ಬಿಸಿಗೆ ಹಿಗ್ಗುತ್ತಿದೆ ಅಷ್ಟೇ. ಅಬ್ಬಾಸಿಯಾದಲ್ಲಿ ಶತ್ತಾಫ್ ಒತ್ತಿ ಬಿಟ್ಟು ನೋಡಿದೆ, ಅಲ್ಲೂ ‘ಡಬ್’. ಸಿಂಕಿನ ನಲ್ಲಿಯನ್ನು ನಿಧಾನ ಮುಚ್ಚಿದೆ, ಸದ್ದೇ ಇಲ್ಲ. ಸಂಶಯ ಉಳಿಯಲಿಲ್ಲ.

ಪರಿಹಾರದಲ್ಲಿ ಮೊದಲನೆಯದಕ್ಕೆ ಒಂದು ಫಿಲ್ಸ್ ಖರ್ಚಿಲ್ಲ. ಮೆಷೀನಿನ ಹಿಂದೆ ಗೋಡೆಯಲ್ಲಿ ಒಂದು ಆ್ಯಂಗಲ್ ವಾಲ್ವ್ ಇರುತ್ತೆ. ಅದನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿ, ಪ್ರತಿ ಸಲ ಬಕೆಟ್ ಹಿಡಿದು ನೋಡಿ. ನಾನು ಬಕೆಟ್ ತುಂಬಲು 75 ಸೆಕೆಂಡ್ ಆಗುವ ತನಕ ಮುಚ್ಚಿದೆ, ಅಂದ್ರೆ ನಿಮಿಷಕ್ಕೆ 8 ಲೀಟರ್. ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ಗುದ್ದೂ ಅರ್ಧ. ಬಟ್ಟೆ ತೊಳೆಯುವ ಸಮಯ ಕೆಲವು ನಿಮಿಷ ಜಾಸ್ತಿ ಆಗುತ್ತೆ, ಬೇರೇನೂ ನಷ್ಟ ಇಲ್ಲ. ಆದರೆ ತೀರಾ ಮುಚ್ಚಬೇಡಿ. ನೀರು ಸಾಕಾಗದಿದ್ರೆ ಮೆಷೀನ್ ನಿಂತು ಎರರ್ ತೋರಿಸುತ್ತೆ. ಎಲ್‌ಜಿಯಲ್ಲಿ IE, ಸ್ಯಾಮ್‌ಸಂಗ್‌ನಲ್ಲಿ 4E ಅಥವಾ 4C. ಅದು ಕಂಡ್ರೆ ವಾಲ್ವ್ ಸ್ವಲ್ಪ ತೆರೆಯಿರಿ.

ಎರಡನೆಯದು ಕ್ಲಿಪ್. ಮೆಷೀನ್ ಹಿಂದೆ ಹೊರಗೆ ಕಾಣುವ ಪೈಪನ್ನು ಕೈಯಲ್ಲಿ ಅಲ್ಲಾಡಿಸಿದೆ, ಒಂದು ಬೆರಳು ದಪ್ಪ ಆಚೀಚೆ ಹೋಗ್ತಿತ್ತು. ಗೋಡೆಯ ಕ್ಲಿಪ್ ಕಿತ್ತು ಬಂದಿತ್ತು. ಪೈಪಿನ ಹಿಂದೆ ಹಳೇ ಹೋಸಿನ ರಬ್ಬರ್ ತುಂಡು ಇಟ್ಟು ಹೊಸ ಕ್ಲಿಪ್ ಬಿಗಿದೆ. ‘ಡಬ್’ ಅನ್ನೋದು ‘ಟಕ್’ ಆಯ್ತು. ನೆನಪಿಡಿ, ಕ್ಲಿಪ್ ಬಿಗಿದ್ರೆ ಸದ್ದು ಕಮ್ಮಿ ಆಗುತ್ತೆ, ಒಳಗಿನ ಗುದ್ದು ಕಮ್ಮಿ ಆಗೋದಿಲ್ಲ. ಅದಕ್ಕೇ ಮೊದಲು ವೇಗ ಇಳಿಸಿ, ಆಮೇಲೆ ಕ್ಲಿಪ್. ಗೋಡೆಯೊಳಗಿನ ಪೈಪ್ ಆದ್ರೆ ನೀವು ಡ್ರಿಲ್ ಹಿಡಿಯಬೇಡಿ, ಮಾಲೀಕರಿಗೆ ಹೇಳಿ.

ಮೂರನೆಯದು ವಾಟರ್ ಹ್ಯಾಮರ್ ಅರೆಸ್ಟರ್. ಬೆರಳುದ್ದದ ಒಂದು ಮುಚ್ಚಿದ ಕೊಳವೆ, ಒಳಗೆ ಪಿಸ್ಟನ್, ಅದರ ಆಚೆ ಗಾಳಿ. ಗುದ್ದು ಬಂದಾಗ ಗಾಳಿ ಕುಗ್ಗಿ ಅದನ್ನು ನುಂಗುತ್ತೆ. ಮೆಷೀನಿಗೆ ಹಾಕುವುದಾದ್ರೆ ಮುಕ್ಕಾಲು ಇಂಚಿನ ಥ್ರೆಡ್ ಇರುವುದನ್ನು ಕೇಳಿ. ಶುವೈಖ್ ಕಡೆಯ ಸ್ಯಾನಿಟರಿ ಅಂಗಡಿಗಳಲ್ಲಿ ವಿಚಾರಿಸಿ. ಅದನ್ನು ಆ್ಯಂಗಲ್ ವಾಲ್ವ್ ಮತ್ತು ಹೋಸಿನ ನಡುವೆ ಹಾಕಬೇಕು. ಮುಚ್ಚುವ ವಾಲ್ವ್‌ಗೆ ಹತ್ತಿರ ಇದ್ರೆ ಮಾತ್ರ ಪ್ರಯೋಜನ. ಪಂಪಿನ ಹತ್ತಿರ ದೊಡ್ಡ ಪ್ರೆಶರ್ ಟ್ಯಾಂಕ್ ಇದೆ ಅಂತ ಇದನ್ನು ಬಿಡಬೇಡಿ, ಅದು ಬಹಳ ದೂರ. ಹಿಂದೆ ಪ್ಲಂಬರ್‌ಗಳು ಇದೇ ಕೆಲಸಕ್ಕೆ ಪೈಪಿನ ಒಂದು ತುಂಡನ್ನು ನೆಟ್ಟಗೆ ನಿಲ್ಲಿಸಿ ಕ್ಯಾಪ್ ಹಾಕ್ತಿದ್ರು. ಅದರೊಳಗಿನ ಗಾಳಿ ನಿಧಾನಕ್ಕೆ ನೀರಿನಲ್ಲಿ ಕರಗಿ ಹೋಗುತ್ತೆ, ಕೆಲವು ತಿಂಗಳಲ್ಲಿ ಮತ್ತೆ ಸದ್ದು. ಮೇನ್ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪ್ ಖಾಲಿ ಮಾಡಿದ್ರೆ ಗಾಳಿ ವಾಪಸ್ ತುಂಬುತ್ತೆ.

ಕೊನೆಗೆ ಹೋಸ್. ಆ ಫ್ಲ್ಯಾಟ್‌ನ ಹೋಸ್ ಮುಟ್ಟಿದಾಗ ನಟ್ಟಿನ ಹತ್ತಿರ ಉಬ್ಬಿತ್ತು, ಬಗ್ಗಿಸಿದ್ರೆ ಸಣ್ಣ ಬಿರುಕು. ಬೇಸಿಗೆಯಲ್ಲಿ ಛಾವಣಿ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಬಿಸಿ, ಆ ಬಿಸಿಗೆ ರಬ್ಬರ್ ಬೇಗ ಸೋಲುತ್ತೆ. ಉಬ್ಬು, ಬಿರುಕು, ನಟ್ಟಿನ ಮೇಲೆ ತುಕ್ಕು ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಬದಲಿಸಿ. ಏನೂ ಕಾಣದಿದ್ರೂ ಐದು ವರ್ಷಕ್ಕಿಂತ ಹೆಚ್ಚು ಇಡಬೇಡಿ. ಬಟ್ಟೆ ತೊಳೆದಾದ ಮೇಲೆ ಆ್ಯಂಗಲ್ ವಾಲ್ವ್ ಬಂದ್ ಮಾಡಿ. ಶತ್ತಾಫ್‌ಗೂ ಅದೇ ಮಾತು, ಬಳಸಿದ ಮೇಲೆ ಗೋಡೆಯ ವಾಲ್ವ್ ಮುಚ್ಚಿ. ಮುಚ್ಚಿದ ವಾಲ್ವ್‌ನ ಆಚೆ ಇರುವ ಹೋಸ್ ಒಡೆದ್ರೂ ಮನೆ ತುಂಬುವಷ್ಟು ನೀರು ಬರೋದಿಲ್ಲ.

ಅಬ್ಬಾಸಿಯಾದವರು ಮುಂದಿನ ವಾರ ಹೊಸ ಹೋಸ್, ಅರೆಸ್ಟರ್ ಹಾಕಿಸಿದ್ರು. ಪಂಪಿನ ಪ್ರೆಶರ್ ಇಳಿಸಲು ಹಾರಿಸ್ ಮೂಲಕ ಮಾಲೀಕರಿಗೆ ಹೇಳಿಸಿದ್ದಾರೆ, ಅದಿನ್ನೂ ಆಗಿಲ್ಲ. ನೈಟ್ ಡ್ಯೂಟಿಯವರು ಮೊನ್ನೆ ಫೋನ್ ಮಾಡಿ, “ಈಗ ಮೆಷೀನ್ ಓಡಿದ್ದೇ ಗೊತ್ತಾಗೋದಿಲ್ಲ, ಎದ್ದ ಮೇಲೆ ಬಟ್ಟೆ ಒಣಗ್ತಾ ಇರೋದು ಕಂಡ್ರೆ ಗೊತ್ತಾಗುತ್ತೆ” ಅಂದ್ರು. ನಾಲ್ಕೂ ಜನ ಮತ್ತೆ ಒಟ್ಟಿಗೆ ಊಟಕ್ಕೆ ಕೂರ್ತಾರಂತೆ.