ಚಿತ್ರ ಕಟ್ ಆದ ಪ್ರಶ್ನೆಗೆ ಏನು ಉತ್ತರ ಕೊಡೋದು?

ಇಂಟರ್ನಲ್ಸ್ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್‌ಗೆ ಅಸೈನ್‌ಮೆಂಟ್ ಫೋಟೋಗಳು ಬೀಳೋಕೆ ಶುರು. ಕಳೆದ ಸೆಮಿಸ್ಟರಿನಲ್ಲಿ ಸಿವಿಲ್ ಜೂನಿಯರ್ ಒಬ್ಬ ರಾತ್ರಿ ಹನ್ನೊಂದಕ್ಕೆ ಒಂದು ಕಳಿಸಿದ್ದ. 6 ಮೀಟರ್ ಉದ್ದದ ಬೀಮ್, 10 ಕಿಲೋನ್ಯೂಟನ್ ಪಾಯಿಂಟ್ ಲೋಡ್, 'ಚಿತ್ರದಲ್ಲಿ ತೋರಿಸಿದಂತೆ' ಇದೆ, ಗರಿಷ್ಠ ಬೆಂಡಿಂಗ್ ಮೊಮೆಂಟ್ ಎಷ್ಟು? ಚಿತ್ರ ಮಾತ್ರ ಫೋಟೋದಲ್ಲಿ ಇರಲಿಲ್ಲ. ಕೆಳಗೆ 'ಅಣ್ಣಾ, ಇದೊಂದು ಮಾಡ್ಕೊಡಿ' ಅಂತ ಬರೆದಿದ್ದ.

ಸರಸ್ವತಿಪುರಂನ ಬಾಡಿಗೆ ರೂಮಿನಲ್ಲಿ ಕೂತಿದ್ದ ನಾವು ಹೆಚ್ಚು ಯೋಚಿಸಲಿಲ್ಲ. ಎರಡೂ ತುದಿಗೆ ಸಪೋರ್ಟ್, ಲೋಡ್ ನಡುವೆ ಅಂದುಕೊಂಡು, WL/4 ಹಾಕಿ, 15 ಕಿಲೋನ್ಯೂಟನ್-ಮೀಟರ್ ಅಂತ ಕಳಿಸಿಬಿಟ್ಟೆವು. ಅಂದುಕೊಂಡಿದ್ದನ್ನು ಬರೆಯಲಿಲ್ಲ. ಮಾರನೇ ದಿನ ಅರ್ಧ ಕ್ಲಾಸ್ ಅದನ್ನೇ ಇಳಿಸಿತ್ತು. ಅಸಲಿ ಚಿತ್ರದಲ್ಲಿ ಲೋಡ್ ಇದ್ದದ್ದು ಎಡ ತುದಿಯಿಂದ 2 ಮೀಟರ್ ದೂರದಲ್ಲಿ; ಉತ್ತರ Wab/L, ಅಂದರೆ 10×2×4/6 = 13.33. ಅದೇ ಬೀಮ್ ಒಂದು ಕಡೆ ಮಾತ್ರ ಬಿಗಿದ ಕ್ಯಾಂಟಿಲಿವರ್ ಆಗಿದ್ದು, ಲೋಡ್ ಇನ್ನೊಂದು ತುದಿಯಲ್ಲಿ ಇದ್ದಿದ್ದರೆ 60! ಉದ್ದ, ಭಾರ ಎರಡೂ ಅವೇ; ಉತ್ತರ ಮಾತ್ರ ನಾವು ಕಳಿಸಿದ್ದರ ನಾಲ್ಕು ಪಟ್ಟು.

ಆದ್ದರಿಂದ ನಮ್ಮ ವಾದ ಇಷ್ಟೇ: ಬಾಯಿಬಿಡದೆ ಊಹೆ ಮಾಡಿ ಕೊಟ್ಟ ಉತ್ತರಕ್ಕಿಂತ 'ಚಿತ್ರ ಬಂದಿಲ್ಲ ಕಣೋ' ಅನ್ನೋದು ಎಷ್ಟೋ ವಾಸಿ. ಆದರೆ ಅಷ್ಟಕ್ಕೇ ಬಿಟ್ಟರೆ ಅದು ಸೋಮಾರಿತನ. ಏನು ಬೇಕು ಅಂತ ಬಿಡಿಸಿ ಕೇಳಬೇಕು: ಸಪೋರ್ಟ್ ಯಾವ ಬಗೆಯದು, ಎಲ್ಲೆಲ್ಲಿ? ಲೋಡ್ ಎಡ ತುದಿಯಿಂದ ಎಷ್ಟು ದೂರ? ಹೀಗೆ ಕೇಳಿದರೆ, ಮತ್ತೆ ಫೋಟೋ ತೆಗೆಯಲು ಆಗದವನೂ ಒಂದು ಸಾಲು ಟೈಪ್ ಮಾಡಿಯಾನು.

ಫೋಟೋದ ಅಂಚನ್ನೂ ಝೂಮ್ ಮಾಡಿ ನೋಡಬೇಕು. ಮೂಲೆಯಲ್ಲಿ ಅರ್ಧ ತ್ರಿಕೋನ ಕಂಡರೆ ಅದು ಹಿಂಜ್ ಇರಬಹುದು, ಹಾಗಿದ್ದರೆ ಸಾದಾ ಕ್ಯಾಂಟಿಲಿವರ್ ಅಲ್ಲ. ಆದರೂ ಲೋಡ್ ಎಲ್ಲಿದೆ ಅಂತ ಆ ತ್ರಿಕೋನ ಹೇಳೋದಿಲ್ಲ.

ಪುಸ್ತಕದ ಹಿಂದಿನ ಉತ್ತರದಿಂದ ಚಿತ್ರವನ್ನು ಕಂಡುಹಿಡೀತೀವಿ ಅನ್ನೋ ಜಾಣರೂ ನಮ್ಮಲ್ಲಿದ್ದಾರೆ. ಸರಿ, ಎರಡು ತುದಿಗೂ ಸಪೋರ್ಟ್ ಇದೆ ಅನ್ನೋದು ಖಾತ್ರಿ, ಉತ್ತರ 13.33 ಅಂತಿಟ್ಟುಕೊಳ್ಳಿ. a(6−a) = 8 ಆಗುತ್ತೆ; a ಅಂದರೆ 2, ಇಲ್ಲವೇ 4. ಎಡ ಸಪೋರ್ಟಿನ ರಿಯಾಕ್ಷನ್ ಕೇಳಿದರೆ 6.67ಓ 3.33ಓ? ಇಲ್ಲೂ ಚಿತ್ರವೇ ಗತಿ.

ಬೆಳಗ್ಗೆ ಒಂಬತ್ತಕ್ಕೆ ಸಬ್‌ಮಿಷನ್, ಹುಡುಗ ಫೋನ್ ಎತ್ತುತ್ತಿಲ್ಲ ಅಂದಾಗ ಮೊದಲ ಸಾಲಲ್ಲೇ ಹೀಗೆ ಬರೆಯಿರಿ: 'ಎರಡೂ ತುದಿಗೆ ಸಪೋರ್ಟ್, ಲೋಡ್ ಎಡದಿಂದ a ದೂರ ಅಂತ ಇಟ್ಟುಕೊಂಡಿದ್ದೀನಿ.' ಆಮೇಲೆ M = Wa(L−a)/L ತನಕ ಬಿಡಿಸಿ ನಿಲ್ಲಿಸಿ. ಶೀಟ್ ಅವನ ಕೈಯಲ್ಲಿದೆ, a ಅವನೇ ಹಾಕಿಕೊಳ್ತಾನೆ. ಚಿತ್ರ ಬೇರೆಯೇ ಇದ್ದರೆ ಮೊದಲ ಸಾಲು ಓದಿದಾಗಲೇ ಗೊತ್ತಾಗುತ್ತೆ.

ಆ ಜೂನಿಯರ್ ಈಗ ಫೋಟೋ ಕಳಿಸುವಾಗ ಪುಟದ ನಾಲ್ಕೂ ಮೂಲೆ ಕಾಣೋ ಹಾಗೆ ತೆಗೀತಾನೆ. ಜೊತೆಗೆ ಅವನ ಹೆಬ್ಬೆರಳೂ ಇರುತ್ತೆ, ಅದಿರಲಿ ಬಿಡಿ.