ರಿವರ್ಸ್ ಫ್ಯಾಕ್ಟರಿಂಗ್

ರಿವರ್ಸ್ ಫ್ಯಾಕ್ಟರಿಂಗ್ ಎಂಬುದು ದೊಡ್ಡ ಖರೀದಿದಾರ ಸಂಸ್ಥೆಯೊಂದು ಒಪ್ಪಿಕೊಂಡ ಬಿಲ್ಲಿನ ಆಧಾರದ ಮೇಲೆ, ಅದರ ಸಣ್ಣ ಪೂರೈಕೆದಾರನಿಗೆ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯು ಪಾವತಿಯ ಗಡುವಿಗೆ ಮೊದಲೇ ಹಣ ನೀಡುವ ವ್ಯವಸ್ಥೆಯಾಗಿದೆ. ಗಡುವಿನ ದಿನ ಖರೀದಿದಾರನು ಬಿಲ್ಲಿನ ಪೂರ್ಣ ಮೊತ್ತವನ್ನು ಬ್ಯಾಂಕಿಗೆ ಪಾವತಿಸುತ್ತಾನೆ. ಸಾಮಾನ್ಯ ಫ್ಯಾಕ್ಟರಿಂಗ್‌ನಲ್ಲಿ ಪೂರೈಕೆದಾರನೇ ತನ್ನ ಬಾಕಿ ಬಿಲ್ಲುಗಳನ್ನು ಹಣಕಾಸು ಸಂಸ್ಥೆಗೆ ಮಾರುತ್ತಾನೆ. ಇಲ್ಲಿ ವ್ಯವಸ್ಥೆಯನ್ನು ಆರಂಭಿಸುವವನು ಖರೀದಿದಾರ. ಆದುದರಿಂದಲೇ ಇದಕ್ಕೆ ‘ರಿವರ್ಸ್’, ಅಂದರೆ ಹಿಮ್ಮುಖ, ಎಂಬ ವಿಶೇಷಣ ಬಂದಿದೆ. ಇದನ್ನು ಪೂರೈಕೆ ಸರಪಳಿ ಹಣಕಾಸು ಎಂದೂ ಕರೆಯುವುದುಂಟು.

ಕಾರ್ಯವಿಧಾನ

ಪೂರೈಕೆದಾರನು ಸರಕನ್ನು ಕಳುಹಿಸಿ ಬಿಲ್ಲು ಸಲ್ಲಿಸುತ್ತಾನೆ. ಖರೀದಿದಾರನು ಸರಕಿನ ಪ್ರಮಾಣ, ಗುಣಮಟ್ಟ ಮತ್ತು ದರವನ್ನು ಪರಿಶೀಲಿಸಿ ಬಿಲ್ಲನ್ನು ಅಂಗೀಕರಿಸುತ್ತಾನೆ. ಈ ಅಂಗೀಕಾರವೇ ವ್ಯವಸ್ಥೆಯ ತಿರುಳು. ಅದರ ನಂತರ, ನಿಗದಿತ ದಿನ ಇಷ್ಟು ಹಣ ಕೊಡಬೇಕಾಗಿದೆ ಎಂಬುದರಲ್ಲಿ ತಕರಾರು ಉಳಿಯುವುದಿಲ್ಲ. ಬ್ಯಾಂಕು ಗಡುವಿನವರೆಗಿನ ಬಡ್ಡಿಯನ್ನು ವಟಾವಾಗಿ ಮುರಿದುಕೊಂಡು ಉಳಿದ ಹಣವನ್ನು ಪೂರೈಕೆದಾರನಿಗೆ ನೀಡುತ್ತದೆ.

ಇಲ್ಲಿ ಬ್ಯಾಂಕು ಅಳೆಯುವುದು ಪೂರೈಕೆದಾರನ ಸಾಲಯೋಗ್ಯತೆಯನ್ನಲ್ಲ, ಖರೀದಿದಾರನ ಸಾಲಯೋಗ್ಯತೆಯನ್ನು. ಬಡ್ಡಿ ಕಡಿಮೆಯಾಗಲು ಇದೇ ಕಾರಣ. ಉದಾಹರಣೆಗೆ, ಬೆಂಗಳೂರಿನ ಪೀಣ್ಯದ ಸಣ್ಣ ಯಂತ್ರಭಾಗ ತಯಾರಕನೊಬ್ಬನಿಗೆ 10 ಲಕ್ಷ ರೂಪಾಯಿಯ ಬಿಲ್ಲಿನ ಹಣ 90 ದಿನಗಳ ನಂತರ ಬರಬೇಕಾಗಿದೆ ಎಂದು ಭಾವಿಸೋಣ. ಅವನು ಸ್ವಂತ ಹೆಸರಿನಲ್ಲಿ ಶೇ. 16ರ ಬಡ್ಡಿಗೆ ಸಾಲ ಪಡೆದರೆ ಆ ಅವಧಿಗೆ ತಗಲುವ ವೆಚ್ಚ ಸುಮಾರು 39,450 ರೂಪಾಯಿ. ಖರೀದಿದಾರನ ಅಂಗೀಕಾರದ ಬಲದಿಂದ ಶೇ. 8ರ ದರ ದೊರೆತರೆ ವೆಚ್ಚ ಸುಮಾರು 19,725 ರೂಪಾಯಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಇಂಥ ಖರೀದಿಯಲ್ಲಿ ಖರೀದಿದಾರನು ಮುಂದೆ ದಿವಾಳಿಯಾದರೂ ಬ್ಯಾಂಕು ಪೂರೈಕೆದಾರನಿಂದ ಹಣವನ್ನು ಹಿಂದಕ್ಕೆ ಕೇಳುವಂತಿಲ್ಲ.

ಪಾವತಿ ಅವಧಿಯ ವಿಸ್ತರಣೆ

ಮೇಲಿನ ಲೆಕ್ಕ ಸರಿಯಾಗಬೇಕಾದರೆ ಪಾವತಿಯ ಗಡುವು ಮೊದಲಿದ್ದಷ್ಟೇ ಇರಬೇಕು. ಪೂರೈಕೆದಾರನಿಗೆ ಬೇಗ ಹಣ ಸಿಗುತ್ತದೆ ಎಂಬ ಕಾರಣವನ್ನೇ ಮುಂದಿಟ್ಟು ಖರೀದಿದಾರನು ಗಡುವನ್ನು ಬೆಳೆಸಿದರೆ ಚಿತ್ರ ಬದಲಾಗುತ್ತದೆ. ಮೊದಲು 45ನೆಯ ದಿನ ಪೂರ್ತಿ 10 ಲಕ್ಷ ಪಡೆಯುತ್ತಿದ್ದವನ ಗಡುವನ್ನು 120 ದಿನಕ್ಕೆ ಏರಿಸಿದರೆ, ಅವನು ಅದೇ 45ನೆಯ ದಿನ ಹಣ ಪಡೆಯಲು ಉಳಿದ 75 ದಿನಗಳ ವಟಾವು ತೆರಬೇಕು. ಶೇ. 8ರ ದರದಲ್ಲಿಯೂ ಇದು ಸುಮಾರು 16,440 ರೂಪಾಯಿ ಆಗುತ್ತದೆ. ಹಣ ಒಂದು ದಿನವೂ ಮುಂಚೆ ಬರಲಿಲ್ಲ. ಖರ್ಚು ಮಾತ್ರ ಹೊಸದಾಗಿ ಸೇರಿತು.

ಖರೀದಿದಾರನಿಗಾದರೋ 75 ದಿನಗಳ ಕಾಲ ಹಣ ಕೈಯಲ್ಲಿ ಉಳಿಯುತ್ತದೆ. ದಿನಕ್ಕೆ 1 ಕೋಟಿ ರೂಪಾಯಿಯ ಸರಕು ಕೊಳ್ಳುವ ಸಂಸ್ಥೆಯ ಬಾಕಿ 45 ಕೋಟಿಯಿಂದ 120 ಕೋಟಿಗೆ ಏರಿ, 75 ಕೋಟಿ ರೂಪಾಯಿ ಅದರ ಬಳಿ ನಿಲ್ಲುತ್ತದೆ. ವಾಸ್ತವದಲ್ಲಿ ಇದು ಬ್ಯಾಂಕಿನ ಸಾಲ. ಅದರ ಬಡ್ಡಿ ಕಟ್ಟುವವನು ಪೂರೈಕೆದಾರ. ಬ್ಯಾಂಕು ಸೌಲಭ್ಯವನ್ನು ಹಿಂತೆಗೆದುಕೊಂಡು, ಪೂರೈಕೆದಾರರು ಹಳೆಯ ಗಡುವಿಗೇ ಪಟ್ಟುಹಿಡಿದರೆ ಅಷ್ಟೂ ಹಣವನ್ನು ಸಂಸ್ಥೆಯು ಅಲ್ಪಾವಧಿಯಲ್ಲಿ ಹೊಂದಿಸಬೇಕಾಗುತ್ತದೆ.

ಕ್ಯಾರಿಲಿಯನ್ ಪ್ರಕರಣ

ಬ್ರಿಟನ್ನಿನ ಕ್ಯಾರಿಲಿಯನ್ ಸಂಸ್ಥೆಯ ಪತನದಲ್ಲಿ ಈ ಅಪಾಯ ಸ್ಪಷ್ಟವಾಗಿ ಕಂಡುಬಂದಿತು. ಆಸ್ಪತ್ರೆಗಳ ನಿರ್ಮಾಣದಿಂದ ಹಿಡಿದು ಶಾಲೆ, ಸೆರೆಮನೆಗಳ ನಿರ್ವಹಣೆಯವರೆಗೆ ಸರ್ಕಾರಿ ಗುತ್ತಿಗೆಗಳನ್ನು ಹೊಂದಿದ್ದ ಈ ಸಂಸ್ಥೆಯು 2013ರಲ್ಲಿ ಪೂರೈಕೆದಾರರಿಗಾಗಿ ಮುಂಗಡ ಪಾವತಿ ಸೌಲಭ್ಯವನ್ನು ಜಾರಿಗೆ ತಂದಿತು. ಅದರ ಸಾಮಾನ್ಯ ಪಾವತಿ ಅವಧಿ 120 ದಿನಗಳಾಗಿತ್ತು. 45 ದಿನಗಳಲ್ಲಿ ಹಣ ಬೇಕೆನ್ನುವವರು ಬಿಲ್ಲಿನಲ್ಲಿ ಕಡಿತವನ್ನು ಒಪ್ಪಿಕೊಳ್ಳಬೇಕಾಗಿತ್ತು. ಸಕಾಲದಲ್ಲಿ ಪಾವತಿ ಮಾಡುವುದಾಗಿ ಘೋಷಿಸುವ ಬ್ರಿಟನ್ನಿನ ಸ್ವಯಂಪ್ರೇರಿತ ಸಂಹಿತೆಗೆ ಇದೇ ಸಂಸ್ಥೆ ಸಹಿ ಹಾಕಿತ್ತು ಎಂಬುದು ಗಮನಾರ್ಹ.

ಬ್ಯಾಂಕುಗಳಿಗೆ ಕೊಡಬೇಕಾಗಿದ್ದ ಈ ಹಣವನ್ನು ಕ್ಯಾರಿಲಿಯನ್ ತನ್ನ ಆಸ್ತಿ-ಹೊಣೆ ಪಟ್ಟಿಯಲ್ಲಿ ಸಾಲವೆಂದು ತೋರಿಸದೆ ‘ಇತರ ಸಾಲದಾತರು’ ಎಂಬ ಶೀರ್ಷಿಕೆಯಡಿ ಸೇರಿಸಿತ್ತು. ಹೀಗೆ ಸಾಲದ ಲೆಕ್ಕದಿಂದ ಹೊರಗುಳಿದ ಮೊತ್ತ 49.8 ಕೋಟಿ ಪೌಂಡ್‌ಗಳವರೆಗೂ ಇರಬಹುದೆಂದು ಮೂಡೀಸ್ ಶ್ರೇಣೀಕರಣ ಸಂಸ್ಥೆ ಅಂದಾಜಿಸಿತು. 2018ರ ಜನವರಿ 15ರಂದು ಸಂಸ್ಥೆಯು ಸಮಾಪನಗೊಂಡಾಗ ಅದರ ಬಳಿ ಇದ್ದ ನಗದು 2.9 ಕೋಟಿ ಪೌಂಡ್. ಹೊಣೆಗಾರಿಕೆ ಸುಮಾರು 700 ಕೋಟಿ ಪೌಂಡ್. ಅದೇ ವರ್ಷದ ಮೇ ತಿಂಗಳಿನ ಸಂಸದೀಯ ಸಮಿತಿಗಳ ವರದಿಯ ಪ್ರಕಾರ, ಸುಮಾರು 30,000 ಪೂರೈಕೆದಾರರು, ಉಪಗುತ್ತಿಗೆದಾರರು ಹಾಗೂ ಇತರ ಅಲ್ಪಾವಧಿ ಸಾಲದಾತರಿಗೆ 200 ಕೋಟಿ ಪೌಂಡ್‌ಗಳಷ್ಟು ಬಾಕಿ ಉಳಿದಿತ್ತು. ಹಣ ಪಡೆಯದೆ ಕಾಯುತ್ತಿದ್ದ ಪೂರೈಕೆದಾರರು ಭದ್ರತೆಯಿಲ್ಲದ ಸಾಲದಾತರ ಸಾಲಿನಲ್ಲಿ ನಿಲ್ಲಬೇಕಾಯಿತು.

ಲೆಕ್ಕಪತ್ರಗಳಲ್ಲಿ ಗುರುತಿಸುವ ಬಗೆ

ಸಂಸ್ಥೆಯೊಂದರ ಖರೀದಿಯ ಪ್ರಮಾಣ ಹೆಚ್ಚು ಬದಲಾಗದೆ ಪೂರೈಕೆದಾರರ ಬಾಕಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಮೊದಲ ಸೂಚನೆ. ಸಾಲ ಹೆಚ್ಚಿದಂತೆ ಕಾಣದಿದ್ದರೂ ವ್ಯಾಪಾರದಿಂದ ಬಂದ ನಗದು ಹೆಚ್ಚಿದಂತೆ ಕಾಣುವುದು ಎರಡನೆಯದು. ಬಾಕಿಯನ್ನು ಬಹುಕಾಲ ಈ ರೀತಿ ಊಹಿಸಿಯೇ ತಿಳಿಯಬೇಕಾಗಿತ್ತು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿಯು 2023ರ ಮೇ ತಿಂಗಳಲ್ಲಿ ತಿದ್ದುಪಡಿ ತಂದು, 2024ರ ಜನವರಿ 1ರಿಂದ ಆರಂಭವಾಗುವ ವರ್ಷಗಳಿಗೆ ಹೊಸ ವಿವರಣೆಗಳನ್ನು ಕಡ್ಡಾಯಗೊಳಿಸಿತು. ಅದರಂತೆ ವ್ಯವಸ್ಥೆಯ ಷರತ್ತುಗಳನ್ನು, ಅದಕ್ಕೆ ಒಳಪಟ್ಟ ಬಾಕಿಯನ್ನು, ಅದರಲ್ಲಿ ಪೂರೈಕೆದಾರರಿಗೆ ಬ್ಯಾಂಕಿನಿಂದ ಈಗಾಗಲೇ ಸಂದಾಯವಾಗಿರುವ ಭಾಗವನ್ನು ಮತ್ತು ಪಾವತಿ ಗಡುವುಗಳ ವ್ಯಾಪ್ತಿಯನ್ನು ಸಂಸ್ಥೆಗಳು ಪ್ರಕಟಿಸಬೇಕು. ಆದರೆ ಈ ಬಾಕಿಯನ್ನು ಸಾಲವೆಂದೇ ತೋರಿಸಬೇಕೆಂದು ತಿದ್ದುಪಡಿ ಹೇಳುವುದಿಲ್ಲ.

ಭಾರತದಲ್ಲಿ

ಭಾರತದಲ್ಲಿ ಈ ವ್ಯವಹಾರಕ್ಕೆ ಟ್ರೆಡ್ಸ್ ಎಂಬ ವಿದ್ಯುನ್ಮಾನ ವೇದಿಕೆಗಳಿವೆ. ಇವುಗಳ ಮಾರ್ಗಸೂಚಿಯನ್ನು ಭಾರತೀಯ ರಿಸರ್ವ್ ಬ್ಯಾಂಕು 2014ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಮೊದಲ ವೇದಿಕೆಯಾದ ಆರ್‌ಎಕ್ಸ್‌ಐಎಲ್ 2017ರಲ್ಲಿ ಕಾರ್ಯಾರಂಭ ಮಾಡಿತು. ವೇದಿಕೆಗೆ ಬಿಲ್ಲನ್ನು ಮಾರಾಟಗಾರನು ಸೇರಿಸಿದರೆ ಅದು ಫ್ಯಾಕ್ಟರಿಂಗ್, ಖರೀದಿದಾರನೇ ಸೇರಿಸಿದರೆ ರಿವರ್ಸ್ ಫ್ಯಾಕ್ಟರಿಂಗ್. ಒಂದೇ ಬ್ಯಾಂಕಿನ ದರಕ್ಕೆ ಕಟ್ಟುಬೀಳದೆ ಹಲವು ಹಣಕಾಸು ಸಂಸ್ಥೆಗಳು ಬಿಲ್ಲಿಗೆ ಬಿಡ್ ಕೂಗುವುದು ಇದರ ವೈಶಿಷ್ಟ್ಯ.

ಅವಧಿ ವಿಸ್ತರಣೆಗೆ ಇಲ್ಲಿ ಕಾನೂನಿನ ತಡೆಯೂ ಇದೆ. ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ, ಸರಕನ್ನು ಅಂಗೀಕರಿಸಿದ 45 ದಿನಗಳೊಳಗೆ ಹಣ ನೀಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಮುಂದಿನ ಆರ್ಡರ್ ಕೈತಪ್ಪುವ ಭಯದಿಂದ ಸಣ್ಣ ಉದ್ಯಮಿ ಈ ಬಡ್ಡಿಯನ್ನು ಕೇಳಲು ಹಿಂಜರಿಯುತ್ತಾನೆ. 250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು ಟ್ರೆಡ್ಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶಿಸಿತು. ಅದಕ್ಕೂ ಮೊದಲು ಈ ಮಿತಿ 500 ಕೋಟಿ ಆಗಿತ್ತು. ನೋಂದಣಿ ಕಡ್ಡಾಯವೇ ಹೊರತು, ಪ್ರತಿಯೊಂದು ಬಿಲ್ಲನ್ನೂ ಅಲ್ಲಿ ಅಂಗೀಕರಿಸಬೇಕೆಂಬ ಕಡ್ಡಾಯವಿಲ್ಲ.

ಮಿತಿ

ಅಂಗೀಕಾರವಾಗದ ಬಿಲ್ಲಿಗೆ ಈ ವ್ಯವಸ್ಥೆಯಲ್ಲಿ ಹಣ ಹುಟ್ಟುವುದಿಲ್ಲ. ಸರಕು ತಲುಪಿದ ಮೇಲೂ ಖರೀದಿದಾರನು ಪರಿಶೀಲನೆಯ ಹೆಸರಿನಲ್ಲಿ ವಾರಗಟ್ಟಲೆ ತಡಮಾಡಿದರೆ ಆ ಕಾಯುವಿಕೆಗೆ ಕಡಿಮೆ ಬಡ್ಡಿಯ ಪರಿಹಾರವಿಲ್ಲ. ಆದ್ದರಿಂದ ಒಂದು ಯೋಜನೆಯಿಂದ ಪೂರೈಕೆದಾರನಿಗೆ ನಿಜವಾಗಿ ಲಾಭವಿದೆಯೇ ಎಂದು ತಿಳಿಯಲು ವಟಾವಿನ ದರವೊಂದನ್ನೇ ನೋಡಿದರೆ ಸಾಲದು. ಸರಕು ತಲುಪಿದ ದಿನದಿಂದ ಹಣ ಕೈಸೇರುವವರೆಗೆ ಯೋಜನೆಗೆ ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ನಂತರ ಎಷ್ಟು ಹಿಡಿಯುತ್ತಿದೆ ಮತ್ತು ಕೊನೆಗೆ ಕೈಗೆ ಬಂದ ಮೊತ್ತ ಎಷ್ಟು ಎಂಬುದನ್ನು ಹೋಲಿಸಬೇಕು.