ಯಂತ್ರದ ಕಿವಿಗೆ ಓದುವ ಬಗೆ

ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಮಗಳಿಗೆ ‘ಪಿ.ಟಿ.ಇ. ಅಕಾಡೆಮಿಕ್’ ಪರೀಕ್ಷೆಯ ಮಾತಿನ ಭಾಗದಲ್ಲಿ ಅಂಕಗಳು ಏಕೆ ಕಡಿಮೆಯಾದುವೆಂದು ನಮ್ಮ ವಾಚಕ ಸೋದರಿಯೊಬ್ಬರು ಕೇಳಿ ಬರೆದಿರುವರು. ವಿದೇಶದಲ್ಲಿ ಓದಲು ಹೊರಡುವ ಮಕ್ಕಳಿರುವ ಮನೆಗಳಿಗೆಲ್ಲ ಈ ಪ್ರಶ್ನೆ ಸಲ್ಲುವುದರಿಂದ, ಗಟ್ಟಿಯಾಗಿ ಓದುವುದು ಮತ್ತು ಕೇಳಿದ ವಾಕ್ಯವನ್ನು ಮರಳಿ ಹೇಳುವುದು ಎಂಬ ಎರಡು ಅಭ್ಯಾಸಗಳನ್ನು ಈ ತಿಂಗಳು ವಿಚಾರಿಸೋಣ.

ಈ ಎರಡರಲ್ಲಿಯೂ ಅಂಕವನ್ನು ಮುಖ್ಯವಾಗಿ ಸಾಫ್ಟ್‌ವೇರು ಎಣಿಸುವುದು. ಅದು ನೋಡುವ ಸಂಗತಿಗಳು ಮೂರು: ಪದಗಳು ಸರಿಯಾಗಿ ಬಂದುವೆ, ಉಚ್ಚಾರವು ತಿಳಿಯುವಂತಿದೆಯೆ, ಮಾತು ತಡೆಯಿಲ್ಲದೆ ಹರಿಯಿತೆ. ಮಾತನ್ನು ಅದು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಒಂದೊಂದು ಧ್ವನಿಯೂ ಎಷ್ಟು ಹೊತ್ತು ನಿಂತಿತು, ನಡುವೆ ಎಷ್ಟು ಮೌನವಿತ್ತು ಎಂಬುದನ್ನು ಅಳೆಯುವುದು. ಆಂಗ್ಲರಂತೆಯೇ ರಾಗವೆಳೆಯಬೇಕೆಂದು ಅದು ಕೇಳುವುದಿಲ್ಲ. ಆದರೆ ಮನುಷ್ಯನು ಮುಖ ನೋಡಿ, “ಇವಳಿಗೆ ವಿಷಯ ಗೊತ್ತು” ಎಂದು ಮನ್ನಿಸುವಂತೆ ಮನ್ನಿಸುವ ಗುಣವೂ ಅದಕ್ಕಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. “ದಿ ಲೈಬ್ರರಿ ವಿಲ್ ಬಿ ಕ್ಲೋಸ್ಡ್ ಫಾರ್ ಥ್ರೀ ಡೇಸ್ ನೆಕ್ಸ್ಟ್ ವೀಕ್” ಎಂಬ 10 ಪದಗಳ ವಾಕ್ಯವು ಕೇಳಿಬಂದಿತೆನ್ನಿ. ‘ಥ್ರೀ’ ಎಂಬುದು ಮರೆತುಹೋಯಿತು. ಒಬ್ಬಳು “ಫಾರ್... ಫಾರ್... ಡೇಸ್, ಸಾರಿ, ಟೂ ಡೇಸ್” ಎಂದು ತಡವರಿಸಿ ಮುಗಿಸುವಳು. ಇನ್ನೊಬ್ಬಳು ಮರೆತ ಪದವನ್ನು ಬಿಟ್ಟು, “ಫಾರ್ ಡೇಸ್ ನೆಕ್ಸ್ಟ್ ವೀಕ್” ಎಂದು ನಿಲ್ಲದೆ ಹೇಳಿಬಿಡುವಳು. ಎಲ್ಲ ಪದಗಳೂ ಕ್ರಮವಾಗಿ ಬಂದರೆ ಪದಗಳ ಲೆಕ್ಕಕ್ಕೆ 3 ಅಂಕ. ಅರ್ಧಕ್ಕೆ ಕಡಿಮೆಯಿಲ್ಲದೆ ಬಂದರೆ 2. ಆದುದರಿಂದ ಈ ಲೆಕ್ಕದಲ್ಲಿ ಇಬ್ಬರಿಗೂ 2 ಅಂಕಗಳೇ. ಆದರೆ ಹರಿವಿಗೆ ಬೇರೆಯಾಗಿ 5 ಅಂಕಗಳಿವೆ. ಅದರಲ್ಲಿ 4 ದೊರೆಯಬೇಕಾದರೂ ಒಂದಕ್ಕಿಂತ ಹೆಚ್ಚು ತಡೆಯಿರಕೂಡದು. ಮೊದಲನೆಯವಳು ತಡೆದು, ಮರುನುಡಿದು, ತಿದ್ದಿಕೊಂಡುದರಿಂದ ಅದಕ್ಕೂ ಕೆಳಗಿಳಿಯುವಳು; ಎರಡನೆಯವಳು ಇಳಿಯಳು. ಕಳೆದುಹೋದುದು ಒಂದೇ ಪದ. ಅದನ್ನು ಹುಡುಕಲು ನಿಂತುದರಿಂದ ನಷ್ಟವು ಇಮ್ಮಡಿಯಾಯಿತು. ಸಭೆಯಲ್ಲಿ ತಪ್ಪನ್ನು ತಿದ್ದಿಕೊಳ್ಳುವುದು ಸಭ್ಯತೆ. ಇಲ್ಲಿ ಅದು ಎರಡನೆಯ ತಪ್ಪು.

ಹಾಗಾದರೆ ವೇಗವಾಗಿ ಓಡಬೇಕೆ? ಬೇಡ. ಗಟ್ಟಿಯಾಗಿ ಓದುವ ಭಾಗವು 60 ಪದಗಳನ್ನು ಮೀರುವುದಿಲ್ಲ. ನಿಮಿಷಕ್ಕೆ 150 ಪದಗಳಂತೆ ಸಾಧಾರಣ ನಡಿಗೆಯಲ್ಲಿ ಓದಿದರೆ 24 ಸೆಕೆಂಡುಗಳಲ್ಲಿ ಮುಗಿಯುವುದು. ಅವಸರದಲ್ಲಿ ಪದದ ಕೊನೆಯ ಧ್ವನಿಗಳು ನುಂಗಿಹೋಗುವುವು. ನಿಧಾನವು ಅತಿಯಾದರೆ ವಾಕ್ಯವು ಬಿಡಿಬಿಡಿ ಪದಗಳ ಪಟ್ಟಿಯಾಗುವುದು. ಅರ್ಥವು ಒಂದುಗೂಡುವ ಮೂರು ನಾಲ್ಕು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಅಲ್ಪವಿರಾಮದಲ್ಲಿ ಕ್ಷಣಮಾತ್ರ, ಪೂರ್ಣವಿರಾಮದಲ್ಲಿ ತುಸು ಹೆಚ್ಚು ನಿಲ್ಲುವುದೇ ಸರಿಯಾದ ಕ್ರಮ. 3 ಸೆಕೆಂಡು ಸುಮ್ಮನಿದ್ದರೆ ಧ್ವನಿಗ್ರಹಣವೇ ನಿಂತುಹೋಗುವುದೆಂಬುದನ್ನು ಮರೆಯಬಾರದು.

ಇನ್ನು ಉಚ್ಚಾರ. ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುವುದರಿಂದ ನಮ್ಮ ನಾಲಗೆಯು ‘ಬುಕ್’ ಎಂಬುದಕ್ಕೆ ಬಾಲ ಸೇರಿಸಿ ‘ಬುಕ್ಕು’ ಎನ್ನುವುದು. ಮನೆಮಾತಿನಲ್ಲಿ ಅದು ಸಹಜ. ಯಂತ್ರಕ್ಕೆ ಮಾತ್ರ ಇಲ್ಲದ ಅಕ್ಷರವೊಂದು ಕೇಳುವುದು. ಎರಡನೆಯದಾಗಿ, ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮನಾದ ಒತ್ತು ಕೊಡುವೆವು. ಇಂಗ್ಲಿಷಿನಲ್ಲಿ ಒತ್ತು ಒಂದೆಡೆ ನಿಲ್ಲುವುದು. ‘ಫೋಟೋಗ್ರಾಫ್’ ಎಂಬಲ್ಲಿ ಅದು ಮೊದಲ ಅಕ್ಷರದ ಮೇಲಿರುವುದು. ‘ಫೊಟಾಗ್ರಫಿ’ ಎಂದೊಡನೆ ಎರಡನೆಯದಕ್ಕೆ ಸರಿಯುವುದು. ಹೊಸ ಪದವನ್ನು ಕಲಿಯುವಾಗಲೇ ಒತ್ತಿನ ಸ್ಥಾನವನ್ನು ನಿಘಂಟಿನಲ್ಲಿ ನೋಡಿ ಗುರುತಿಟ್ಟುಕೊಳ್ಳತಕ್ಕದ್ದು.

ಮನೆಯಲ್ಲಿಯೇ ಪರೀಕ್ಷಿಸುವ ಬಗೆ ಸುಲಭವಾದುದು. ಮಗಳು ಓದಿದುದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಮೂಲವನ್ನು ನೋಡದ ಮತ್ತೊಬ್ಬರಿಂದ ಕೇಳಿದಂತೆ ಬರೆಯಿಸಿರಿ. ತಪ್ಪಾಗಿ ಬರೆದ ಪದಗಳಲ್ಲಿ ಉಚ್ಚಾರದ ದೋಷವಿರಬಹುದು. ಬಳಿಕ ವಿರಾಮಚಿಹ್ನೆಯಿಲ್ಲದ ಕಡೆ ಎಷ್ಟು ಸಲ ನಿಂತಳೆಂದು ಗೆರೆಯೆಳೆದು ಎಣಿಸಿರಿ. ಪದ ತಪ್ಪದೆ ಗೆರೆಗಳೇ ಹೆಚ್ಚಾದರೆ ದೋಷವು ಹರಿವಿನದು. ಆಗ ಹೊಸ ಪದಗಳನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಆ ಸೋದರಿಯವರು ಮೊದಲು ಈ ಗೆರೆಗಳನ್ನು ಎಣಿಸಿ ನೋಡಲಿ.